ಬೆಕ್ಕು, ಇಲಿ ಮತ್ತು ನನ್ನ ಕೈಗಡಿಯಾರ

ಮದುವೆಮನೆಯಲ್ಲಿ ತಾತಂದಿರಿಗೆ ಇರುವ ಕೆಲಸ ಎರಡೇ. ಮುಂದಿನ ಸಾಲಿನ ಕುರ್ಚಿ ಹಿಡಿದು ಕೂರುವುದು, ಕಾಲಿಗೆ ಬಿದ್ದವರ ತಲೆಗೆ ಅಕ್ಷತೆ ಹಾಕುವುದು. ಎರಡನ್ನೂ ನಾನು ತಕ್ಕಮಟ್ಟಿಗೆ ಮಾಡಬಲ್ಲೆ. ಆದರೆ ಆರತಕ್ಷತೆಯ ಹಿಂದಿನ ದಿನ ಮೊಮ್ಮಗಳು ಬಂದು, "ತಾತ, ನಾಳೆ ನೀನೊಂದೆರಡು ಮಾತಾಡ್ಬೇಕು. ಮದುವೆ ಬಾಳಿಕೆ ಬರೋಕೆ ಏನು ಬೇಕು ಅಂತ. ಎರಡೇ ನಿಮಿಷ, ಆಮೇಲೆ ಆರ್ಕೆಸ್ಟ್ರಾದವ್ರು ಶುರು ಮಾಡ್ತಾರೆ" ಎಂದಳು. ಬಾಳಿಕೆ ಎಂಬ ಮಾತನ್ನು ನಾನು ಅಲ್ಲಿಯವರೆಗೆ ಚಪ್ಪಲಿಗೆ, ಕೊಡೆಗೆ, ಬಚ್ಚಲುಮನೆಯ ನಲ್ಲಿಗೆ ಬಳಸಿದ್ದೆನೇ ಹೊರತು ದಾಂಪತ್ಯಕ್ಕೆ ಬಳಸಿದ್ದಿಲ್ಲ. ಆದರೂ ಒಪ್ಪಿಕೊಂಡೆ. ಮೈಕು ಸಿಗುತ್ತದೆ ಎಂದರೆ ಬೇಡ ಎನ್ನುವ ನಿವೃತ್ತ ನೌಕರ ಇನ್ನೂ ಹುಟ್ಟಿಲ್ಲ.

ರಾತ್ರಿ ಕೂತು ಒಂದು ಹಾಳೆಯ ತುಂಬ ಬರೆದೆ. ಚೆನ್ನಾಗಿಯೇ ಬರೆದಿದ್ದೆ. ದಾಂಪತ್ಯವನ್ನು ಎತ್ತಿನ ಗಾಡಿಗೆ ಹೋಲಿಸಿದ್ದೆ, ಹಾಲು-ಸಕ್ಕರೆ ಕೂಡ ಬಂದಿತ್ತು. ಮಡಿಸಿ ಜುಬ್ಬದ ಜೇಬಿಗೆ ಹಾಕಿಕೊಂಡೆ. ಮರುದಿನ ಸಂಜೆ ವೇದಿಕೆ ಹತ್ತಿ, ಗಂಟಲು ಸರಿಮಾಡಿಕೊಂಡು, ಹಾಳೆ ಬಿಚ್ಚಿ ಗಟ್ಟಿಯಾಗಿ ಓದಿದೆ: "ವಧು, ಪುನರ್ವಸು ನಾಲ್ಕನೇ ಪಾದ. ವರ, ಪುಬ್ಬಾ. ಯೋನಿಕೂಟ ಸೊನ್ನೆ. ರಾಶಿಕೂಟ ಸೊನ್ನೆ."

ಅದು ಜೋಯಿಸರು ಬರೆದುಕೊಟ್ಟ ಸಾಲಾವಳಿ ಚೀಟಿ. ಆರು ತಿಂಗಳಿಂದ ಅದೇ ಜುಬ್ಬದ ಜೇಬಿನಲ್ಲಿ ಇದ್ದಿರಬೇಕು. ಭಾಷಣ ಮನೆಯಲ್ಲಿ ಇನ್ನೊಂದು ಜುಬ್ಬದಲ್ಲಿ ಗೂಟಕ್ಕೆ ನೇತಾಡುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ತೊಂದರೆ ಏನೆಂದರೆ, ಈ ಚೀಟಿಯ ವಿಷಯ ಹುಡುಗನ ಅಜ್ಜಿಗೆ ಗೊತ್ತಾಗಬಾರದೆಂದು ಎರಡೂ ಮನೆಯವರು ಒಳಗೊಳಗೇ ಮಾತಾಡಿಕೊಂಡಿದ್ದರು. ಆಕೆ ಪಂಚಾಂಗ ನೋಡದೆ ಹಪ್ಪಳವನ್ನೂ ಒಣಹಾಕುವವರಲ್ಲ. "ಜಾತಕ ಕೂಡಿ ಬಂದಿದೆ" ಎಂದಷ್ಟೇ ಅವರಿಗೆ ಹೇಳಲಾಗಿತ್ತು. ಸುಳ್ಳೇನಲ್ಲ. ಕೂಡಿ ಬಂದಿತ್ತು, ಆದರೆ ಪೂರ್ತಿ ಬಂದಿರಲಿಲ್ಲ.

ಈ ಲೆಕ್ಕ ಗೊತ್ತಿಲ್ಲದವರಿಗೆ ಎರಡು ಮಾತು. ಎಂಟು ಕೂಟಗಳು. ವರ್ಣಕ್ಕೆ 1 ಅಂಕ, ವಶ್ಯಕ್ಕೆ 2, ತಾರೆಗೆ 3, ಹೀಗೆ ಮೆಟ್ಟಿಲು ಹತ್ತುತ್ತಾ ನಾಡಿಗೆ 8. ಒಂದರಿಂದ ಎಂಟರವರೆಗೆ ಕೂಡಿದರೆ 36. ಅದರಲ್ಲಿ 18 ಬಂದರೆ ಪಾಸು. ನಮ್ಮ ಮಕ್ಕಳಿಗೆ ಬಂದದ್ದು 20½. ಬೇರೆ ಜೋಯಿಸರಲ್ಲಿ ತೋರಿಸಿದರೆ 21½ ಎಂದರು. ಹುಡುಗಿ ದೇವಗಣ, ಹುಡುಗ ಮನುಷ್ಯಗಣ. ಅದಕ್ಕೆ ಒಬ್ಬರ ಕೋಷ್ಟಕದಲ್ಲಿ 5, ಇನ್ನೊಬ್ಬರದರಲ್ಲಿ 6. ತರಕಾರಿ ಅಂಗಡಿಯಲ್ಲಿ ತಕ್ಕಡಿ ಬದಲಾದರೆ ತೂಕ ಬದಲಾಗುವುದಿಲ್ಲವೇ, ಹಾಗೆ.

ಪಾಸೇನೋ ಸರಿ, ಆದರೆ ಎರಡು ದೊಡ್ಡ ಸೊನ್ನೆಗಳು. ಮೊದಲನೆಯದು ಯೋನಿಕೂಟ. 27 ನಕ್ಷತ್ರಗಳಿಗೂ ಒಂದೊಂದು ಪ್ರಾಣಿಯನ್ನು ಹಂಚಿದ್ದಾರೆ. ಪುನರ್ವಸುವಿಗೆ ಬೆಕ್ಕು. ಪುಬ್ಬೆಗೆ (ರೈತರ ಬಾಯಲ್ಲಿ ಹುಬ್ಬೆ ಮಳೆ ಅಂತಾರಲ್ಲ, ಅದೇ) ಇಲಿ. ನಮ್ಮ ಹುಡುಗಿ ಬೆಕ್ಕು, ಬೀಗರ ಹುಡುಗ ಇಲಿ! ಎರಡನೆಯದು ರಾಶಿ. ಅವಳದು ಕರ್ಕಾಟಕ, ಅವನದು ಪಕ್ಕದ ಸಿಂಹ. ಒಂದರಿಂದ ಇನ್ನೊಂದು ಎರಡನೆಯದು, ಆ ಕಡೆಯಿಂದ ಎಣಿಸಿದರೆ ಹನ್ನೆರಡನೆಯದು. ಇದಕ್ಕೆ ದ್ವಿರ್ದ್ವಾದಶ ಎಂದು ಹೆಸರು. ಏಳು ಅಂಕಕ್ಕೆ ಏಳೂ ಖೋತಾ. ಅಕ್ಕಪಕ್ಕದ ಮನೆಯವರಿಗೆ ಹೊಂದಿಕೆ ಕಷ್ಟ ಎಂದು ಹಿರಿಯರು ಕಂಡುಕೊಂಡಿದ್ದರೋ ಏನೋ. ಕೊನೆಗೆ ಜೋಯಿಸರೇ ದಾರಿ ತೋರಿಸಿದರು. ಕರ್ಕಾಟಕಕ್ಕೆ ಅಧಿಪತಿ ಚಂದ್ರ, ಸಿಂಹಕ್ಕೆ ಸೂರ್ಯ, ಇಬ್ಬರೂ ಮಿತ್ರರು, ಒಡೆಯರು ಸ್ನೇಹಿತರಾದರೆ ಈ ದೋಷ ಲೆಕ್ಕಕ್ಕಿಲ್ಲ ಎಂದರು. ನಾಡಿಯ ಎಂಟಕ್ಕೆ ಎಂಟೂ ಬಂದಿದ್ದರಿಂದ ನನ್ನ ಮಗಳು ನಿಟ್ಟುಸಿರು ಬಿಟ್ಟಳು. ಬೆಕ್ಕು-ಇಲಿಯ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಇದನ್ನೆಲ್ಲ ನಾನು ಮೈಕಿನಲ್ಲಿ ಓದಿಬಿಟ್ಟಿದ್ದೆ. ಸಭೆ ತಣ್ಣಗಾಯಿತು. ಮುಂದಿನ ಸಾಲಿನಲ್ಲಿ ಹುಡುಗನ ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಮನೆಯಾಕೆ ನೋಡಿದ ನೋಟವನ್ನು ವರ್ಣಿಸುವುದಿಲ್ಲ. ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ. ಹೀಗೆ ಹೇಳಿದೆ:

"ಬೀಗರು ದಯಮಾಡಿ ಕ್ಷಮಿಸಬೇಕು. ಓದಿದ್ದು ಆಯ್ತು, ಪೂರ್ತಿ ಹೇಳಿಬಿಡ್ತೀನಿ. ಈ ಹುಡುಗಿ ಹುಟ್ಟಿದಾಗ ಹೆರಿಗೆ ಕೋಣೆ ಹೊರಗೆ ನಿಂತಿದ್ದವನು ನಾನು. ದಾದಿ ಬಾಗಿಲು ತೆಗೆದು 'ಹೆಣ್ಣುಮಗು' ಅಂದ ತಕ್ಷಣ ನನ್ನ ಕೈಗಡಿಯಾರ ನೋಡಿ ಟೈಮು ಬರ್ಕೊಂಡೆ. ಜಾತಕ ಬರೆಸಿದ್ದು ಅದೇ ಟೈಮಿಗೆ. ಆದ್ರೆ ಏಳೂ ಮುಕ್ಕಾಲರ ಬಸ್ಸು ತಪ್ಪಬಾರದು ಅಂತ ಆ ಗಡಿಯಾರಾನ ನಾನು ಮೂವತ್ತು ವರ್ಷ ಹತ್ತು ನಿಮಿಷ ಮುಂದೆ ಇಟ್ಟಿದ್ದೆ. ಜೋಯಿಸರು ಹೇಳಿದ್ರು, ನಾನು ಕೊಟ್ಟ ಟೈಮಿಗೆ ಆರೇ ಆರು ನಿಮಿಷ ಮೊದಲು ಪುನರ್ವಸು ಮೂರನೇ ಪಾದ ಮುಗಿದು ನಾಲ್ಕನೇದು ಶುರುವಾಗಿತ್ತಂತೆ. ಮೂರನೇ ಪಾದದವರೆಗೆ ಮಿಥುನ, ನಾಲ್ಕನೇದು ಕರ್ಕಾಟಕ. ಮಿಥುನಕ್ಕೂ ಸಿಂಹಕ್ಕೂ ರಾಶಿಕೂಟದಲ್ಲಿ ಏಳಕ್ಕೆ ಏಳು! ಆ ಏಳು ಅಂಕ ತಿಂದಿದ್ದು ಶನಿಯಲ್ಲ, ರಾಹುವಲ್ಲ, ನಾನು."

ಯಾರೋ ಹಿಂದಿನಿಂದ ನಕ್ಕರು. ಧೈರ್ಯ ಬಂತು.

"ನನ್ನ ಮದುವೆ ಕೇಳಿ. ಐವತ್ತೊಂದು ವರ್ಷ ಆಯ್ತು. ಇವಳಿಗೆ ಜಾತಕಾನೇ ಇರ್ಲಿಲ್ಲ. ಇವಳು ಹುಟ್ಟಿದ್ದು ಕೆರೆ ಕೋಡಿ ಬಿದ್ದ ವರ್ಷ, ಹಸು ಮನೆಗೆ ಬರೋ ಹೊತ್ತು, ಅಷ್ಟೇ ನಮ್ಮ ಮಾವನವರಿಗೆ ಗೊತ್ತಿದ್ದಿದ್ದು. ಹೆಸರಿನ ಮೊದಲನೇ ಅಕ್ಷರ ಹಿಡಿದು ನಾಮನಕ್ಷತ್ರದಿಂದ ನೋಡಿದ್ರು. ಶಾಲೆ ಹೆಸರಿಗೆ ಕೂಡಿ ಬರ್ಲಿಲ್ಲ. ಮನೆಯಲ್ಲಿ ಕರೆಯೋ ಹೆಸರಿಗೆ 28 ಬಂತು. ಸರಿ, ಆ ಹೆಸರಿನವಳನ್ನೇ ಮದುವೆಯಾದೆ.

"ಇಪ್ಪತ್ತೆಂಟು ಬಂದಿದ್ರೂ ಮೊದಲನೇ ವರ್ಷ ನಾವು ಜಗಳ ಆಡದೇ ಇದ್ದ ವಿಷಯ ಇಲ್ಲ. ಕಾಫಿಗೆ ಚಿಕೋರಿ ಎಷ್ಟು ಅನ್ನೋದಕ್ಕೂ ಆಡಿದ್ವಿ. ಆಗ ನಾನು ಒಂದು ವಿಷಯ ಕಂಡುಕೊಂಡೆ. ಇವಳಿಗೆ ಸಿಟ್ಟು ಬಂದ್ರೂ ಕಾಫಿ ನಿಲ್ತಿರ್ಲಿಲ್ಲ. ಲೋಟ ಮೇಜಿನ ಮೇಲೆ ಟಣ್ ಅಂತ ಕುಕ್ಕೋಳು. ಕುಕ್ಕಿದ್ರೆ ಭಯ ಇಲ್ಲ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತೆ. ಸದ್ದಿಲ್ಲದೆ ಇಟ್ಟುಹೋದ್ರೆ ಭಯ. ಅಂಥದ್ದು ಐವತ್ತೊಂದು ವರ್ಷದಲ್ಲಿ ಒಂದೇ ಸಲ ಆಗಿದ್ದು. 1984ರಲ್ಲಿ ನಾನು ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ನಿಂತೆ. ಮನೇಲಿ ಹೇಳ್ಲಿಲ್ಲ. ಹೇಳಿದ್ರೆ ಬೇಡ ಅಂತಾಳೆ ಅಂತ ಗೊತ್ತಿತ್ತು, ಅದಕ್ಕೇ ಹೇಳ್ಲಿಲ್ಲ. ಅವರು ಕಟ್ಟೋದು ನಿಲ್ಲಿಸಿದ್ರು, ನೋಟೀಸು ನಮ್ಮನೆಗೆ ಬಂತು, ಬಿಡಿಸಿ ಓದಿದ್ದು ಇವಳು. ಹನ್ನೊಂದು ದಿನ ಲೋಟ ಸದ್ದು ಮಾಡ್ಲಿಲ್ಲ. ಕಾಫಿ ಬಿಸಿಯಾಗೇ ಇರ್ತಿತ್ತು, ಸಕ್ಕರೆ ಸರಿಯಾಗೇ ಇರ್ತಿತ್ತು. ನನಗೆ ಇಳೀತಿರ್ಲಿಲ್ಲ.

"ಆ ತಿಂಗಳು ಸಂಬಳದ ಕವರನ್ನ ಒಡೆಯದೆ ಹಾಗೇ ತಂದು ಇವಳ ಕೈಗೆ ಕೊಟ್ಟೆ. ಎಣಿಸಿ, ಸಾಲದ ಕಂತು ಬೇರೆ ಇಟ್ಟು, ಬಸ್ಸಿನ ಚಾರ್ಜು ನನಗೆ ವಾಪಸ್ ಕೊಟ್ಟಳು. ಎರಡೂ ಕಾಲು ವರ್ಷ ಹಾಗೇ ನಡೀತು. ಮೊದಲನೇ ಕಂತು ಕಟ್ಟಿಬಂದ ಮರುದಿನ ಬೆಳಿಗ್ಗೆ ಲೋಟ ಟಣ್ ಅಂತು. ಅಷ್ಟು ಖುಷಿ ನನಗೆ ಬಡ್ತಿ ಬಂದಾಗ್ಲೂ ಆಗಿರ್ಲಿಲ್ಲ. ಮಗೂ, ನೀವಿಬ್ರೂ ಜಗಳ ಆಡಿ, ಬೇಡ ಅನ್ನಲ್ಲ. ಬೆಕ್ಕು-ಇಲಿ ಅಂತ ಬರೆದೇ ಇದೆ. ಆದ್ರೆ 'ಹೇಳಿದ್ರೆ ಬೇಡ ಅಂತಾರೆ' ಅಂತ ಯಾವಾಗ ಅನ್ನಿಸುತ್ತೋ, ಅದನ್ನೇ ಮೊದಲು ಹೇಳಿ. ದುಡ್ಡಿನ ವಿಷಯ ಆದ್ರೆ ಅವತ್ತೇ ಹೇಳಿ."

ಅಷ್ಟರಲ್ಲಿ ಕೀಬೋರ್ಡಿನ ಹುಡುಗ ಎರಡು ಸಲ ಶ್ರುತಿ ನೋಡಿಕೊಂಡಿದ್ದ. ಎರಡು ನಿಮಿಷ ಆರಾಗಿತ್ತು. ಕೆಳಗಿಳಿದೆ.

ಇಳಿಯುವಾಗ ಬೆಳಿಗ್ಗೆ ನಡೆದದ್ದೊಂದು ನೆನಪಾಗಿ, ಅಯ್ಯೋ ಇದನ್ನು ಹೇಳಬೇಕಿತ್ತಲ್ಲ ಎನಿಸಿತು. ಧಾರೆಯಾದ ಮೇಲೆ ಪುರೋಹಿತರು ಹೆಣ್ಣು-ಗಂಡನ್ನು ಛತ್ರದ ಹಿಂದೆ, ಜನರೇಟರಿನ ಪಕ್ಕಕ್ಕೆ ಕರೆದೊಯ್ದು ಅರುಂಧತಿ ನಕ್ಷತ್ರ ತೋರಿಸಿದ್ದರು. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠರ ಪಕ್ಕಕ್ಕೆ ಅಂಟಿಕೊಂಡಿರುವ ಆ ಪುಟ್ಟ ಚುಕ್ಕಿ ಕತ್ತಲ ರಾತ್ರಿಯಲ್ಲೇ ಕಣ್ಣು ಕಿರಿದು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಗ ಬೆಳಿಗ್ಗೆ ಹತ್ತೂವರೆ, ಸುಡು ಬಿಸಿಲು. "ಕಾಣಿಸ್ತೇ?" ಎಂದರು ಪುರೋಹಿತರು. "ಕಾಣಿಸ್ತು" ಎಂದ ಹುಡುಗ, ಸಂಕೋಚವಿಲ್ಲದೆ. ನಮ್ಮ ಹುಡುಗಿ ಅವನ ಮುಖ ನೋಡಿ ನಗು ತಡೆದುಕೊಂಡು, "ನಂಗೂ" ಎಂದಳು. ಇದು ನಾಡಿಕೂಟಕ್ಕಿಂತ ಒಂದೆರಡು ಅಂಕ ಹೆಚ್ಚೇ ಬೆಲೆಬಾಳುತ್ತದೆ ಎಂದು ನನ್ನ ಎಣಿಕೆ. ಆದರೆ ಮೈಕು ಕೈ ಬಿಟ್ಟುಹೋಗಿತ್ತು.

"ಗಡಿಯಾರದ ವಿಷಯ ಈಗ ಹೇಳ್ತಿದೀರಲ್ಲಾ!" ಎಂದಳು ಮನೆಯಾಕೆ. ಇಪ್ಪತ್ತಾರು ವರ್ಷ ಮುಚ್ಚಿಟ್ಟವನು, ಈಗಷ್ಟೇ ಮಕ್ಕಳಿಗೆ ಅವತ್ತೇ ಹೇಳಿ ಎಂದು ಬುದ್ಧಿಮಾತು ಹೇಳಿ ಬಂದವನು, ಏನು ಉತ್ತರ ಕೊಟ್ಟಾನು? "ದುಡ್ಡಿನ ವಿಷಯ ಅಲ್ವಲ್ಲ" ಎಂದೆ. ಅದು ನಡೆಯಲಿಲ್ಲ.

ಊಟದ ಮನೆಯಲ್ಲಿ ಹುಡುಗನ ಅಜ್ಜಿ ಹೇಳಿಕಳುಹಿಸಿದರು. ಹೋಳಿಗೆಯ ಎಲೆ ಮುಂದಿತ್ತು, ಮುಟ್ಟಿರಲಿಲ್ಲ. ಎದೆ ಹಿಡಿದುಕೊಂಡೇ ಹೋದೆ. ಅಜ್ಜಿ ಪಕ್ಕದ ಕುರ್ಚಿ ತೋರಿಸಿ, ದನಿ ತಗ್ಗಿಸಿ, "ಆ ಚೀಟಿ ಎಲ್ಲಿ, ಕೊಡಿ ನೋಡೋಣ" ಎಂದರು. ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಬಳಿಕ, "ನಮ್ಮೋರದ್ದು ನಂದು ಹದಿನಾಲ್ಕೇ ಬಂದಿತ್ತು. ನಮ್ಮತ್ತೆಗೆ ಇಪ್ಪತ್ತು ಅಂತ ಹೇಳಿದ್ರು" ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಆಮೇಲೆ ಆ ಜೋಯಿಸರ ಫೋನ್ ನಂಬರು ಕೇಳಿದರು. ಸೊನ್ನೆ ಬಂದರೂ ದಾರಿ ತೋರಿಸುವ ಜೋಯಿಸರು ಈ ಕಾಲದಲ್ಲಿ ಸಿಗುವುದು ಕಷ್ಟವಂತೆ. ಅವರ ಇನ್ನೊಬ್ಬ ಮೊಮ್ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೆ. ಹುಡುಗ ಒಳ್ಳೆಯವನು, ಕೆಲಸದಲ್ಲಿದ್ದಾನೆ, ಕಾಫಿ ತಾನೇ ಮಾಡಿಕೊಳ್ಳುತ್ತಾನೆ. ನಿಮಗೆ ಗೊತ್ತಿರುವ ಕಡೆ ಯಾರಾದರೂ ಇದ್ದರೆ ತಿಳಿಸಿ. ನಕ್ಷತ್ರ ಮಖಾ. ಅವನೂ ಇಲಿಯೇ.