ಮೋಟಾರಿಗೆ ಹತ್ತು ವರ್ಷ

ಗೋವೆಯ ಕುಡಚಡೆಯಲ್ಲಿ ಜೂನ್ ತಿಂಗಳು ಕಾಲಿಟ್ಟಿತೆಂದರೆ ಹಗ್ಗದ ಮೇಲಿನ ಬಟ್ಟೆ ಒಣಗುವುದನ್ನು ಮರೆತುಬಿಡುತ್ತದೆ. ಜುವಾರಿ ನದಿಯ ಆಚೆ ದಡದ ಸಾವರ್ಡೆಯನ್ನು ಮಸುಕು ಮಾಡುವಷ್ಟು ಮಳೆ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತ ನಮ್ಮವರಿಗೆ ಈ ಊರು ಕಲಿಸಿದ ಮೊದಲ ಪಾಠವೆಂದರೆ, ಬಟ್ಟೆ ಒಗೆಯುವುದು ಸುಲಭ, ಹಿಂಡುವುದು ಕಷ್ಟ ಎಂಬುದು. ಊರಲ್ಲಿ ಬಿಸಿಲಿಗೆ ಹಾಕಿದ ಧೋತರ ಅರ್ಧ ತಾಸಿನಲ್ಲಿ ಹಪ್ಪಳವಾಗುತ್ತಿತ್ತು. ಇಲ್ಲಿ ಬನಿಯನ್ ಕೂಡ ಮೂರು ದಿನ ರಜೆ ಕೇಳುತ್ತದೆ. ಹಾಗಾಗಿ ವಾಷಿಂಗ್ ಮಷಿನ್ ಇಲ್ಲಿ ಒಗೆಯಲು ಕೊಳ್ಳುವ ವಸ್ತುವಲ್ಲ, ಹಿಂಡಲು ಕೊಳ್ಳುವ ವಸ್ತು.

ಕೊಳ್ಳುವ ಕಾಲ ಚೌತಿ. ಗೋವೆಯಲ್ಲಿ ಮನೆಗೆ ಗಣಪತಿ ಬರುವ ಮೊದಲು ಬಣ್ಣ, ಪರದೆ, ಪಾತ್ರೆ, ಯಂತ್ರ ಎಲ್ಲ ಬರುತ್ತವೆ. ನಮ್ಮ ಪಕ್ಕದ ಮನೆಯ ಮಾಸ್ತರರು ಕಳೆದ ಚೌತಿಗೆ ಏಳು ಕಿಲೋದ ಫ್ರಂಟ್ ಲೋಡ್ ಮಷಿನ್ ತಂದರು. ಬೆಲೆ 32,000 ರೂಪಾಯಿ. ಬಿಲ್ ಬರೆಯುವ ಹೊತ್ತಿಗೆ ಅಂಗಡಿಯ ಹುಡುಗ ಒಂದು ಬಣ್ಣದ ಹಾಳೆ ಮುಂದೆ ಸರಿಸಿದ. ಕಂಪನಿ ವಾರಂಟಿ ಎರಡು ವರ್ಷ, ಅದು ಮುಗಿದ ಮೇಲೆ ಇನ್ನೂ ಮೂರು ವರ್ಷಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ, 3,800 ರೂಪಾಯಿ, ಇವತ್ತು ತೊಗೊಂಡ್ರ ಮಾತ್ರ. ಹುಡುಗ ಹುಬ್ಬಳ್ಳಿ ಕಡೆಯವನೇ ಆದ್ದರಿಂದ ಕೊನೆಗೆ ಒಂದು ಮಾತು ಸೇರಿಸಿದ: “ಮಾಸ್ತರ, ಮೋಟಾರಿಗೆ ಹೆಂಗೂ ಹತ್ತು ವರ್ಷ ಅದ. ಉಳಿದಿದ್ದಕ್ಕ ಇದು ಇರ್ಲಿ.”

ಆ ಹತ್ತು ವರ್ಷದ ಬಗ್ಗೆ ನನಗೆ ಮೊದಲಿಂದಲೂ ಅಸೂಯೆ ಬೆರೆತ ಮೆಚ್ಚುಗೆ. ಈಗಿನ ಇನ್ವರ್ಟರ್ ಮೋಟಾರಿನಲ್ಲಿ ಸವೆಯುವ ಕಾರ್ಬನ್ ಬ್ರಷ್ಷೇ ಇಲ್ಲ. ಅದು ಸುಲಭಕ್ಕೆ ಕೆಡುವುದಿಲ್ಲ. ಕೆಡದ ಭಾಗಕ್ಕೆ ಹತ್ತು ವರ್ಷದ ಭರವಸೆ ಕೊಡುವುದು ಕಂಪನಿಯ ಔದಾರ್ಯ. ಕೆಡುವುದು ಆ ಮೋಟಾರನ್ನು ತಿರುಗಿಸುವ ಬೋರ್ಡು, ಅಂದರೆ ಪಿಸಿಬಿ. ಅದು ಸಾಮಾನ್ಯವಾಗಿ ಎರಡು ವರ್ಷದ ಲೆಕ್ಕಕ್ಕೆ ಸೇರುತ್ತದೆ. ಮೋಟಾರಿನ ವಾರಂಟಿ ನೆಚ್ಚಿಕೊಂಡು ಐದನೇ ವರ್ಷ ಫೋನ್ ಮಾಡಿದರೆ, ಭಾಗ ಪುಕ್ಕಟೆ ಆದರೂ ಬಂದು ನೋಡುವ ಶುಲ್ಕ, ಕೂಲಿ ನಿಮ್ಮದೇ ಎಂಬ ಉತ್ತರ ಬರಬಹುದು.

ಮಾಸ್ತರರು ಹಾಳೆ ಮನೆಗೆ ತಂದರು. ಇಬ್ಬರೂ ಜಗಲಿಯ ಮೇಲೆ ಚಹಾ ಇಟ್ಟುಕೊಂಡು ಕೂತೆವು. ಅವರು ಗಣಿತದವರು, ನಾನು ಬರೀ ಮಾತಿನವನು. ಅವರು ಲೆಕ್ಕ ಹಾಕಿದ್ದು ಹೀಗೆ. ಈ ಮಷಿನ್‌ನಲ್ಲಿ ಜೇಬಿಗೆ ಕತ್ತರಿ ಹಾಕುವ ಭಾಗ ಬೋರ್ಡು. ಕಂಪನಿಯವರನ್ನು ಕೇಳಿದರೆ 7,000, ಬಂದು ಹಾಕಿಕೊಡಲು 500. ಒಟ್ಟು 7,500. ಯೋಜನೆಯ ಬೆಲೆ 3,800, ಅಂದರೆ ಹೆಚ್ಚುಕಡಿಮೆ ಅದರ ಅರ್ಧ. ಮೂರು, ನಾಲ್ಕು, ಐದನೇ ವರ್ಷಗಳಲ್ಲಿ ಇಂಥ ಎರಡು ಮಷಿನ್‌ಗಳಲ್ಲಿ ಒಂದರ ಬೋರ್ಡು ಸುಟ್ಟರೆ ಮಾತ್ರ ಕೊಟ್ಟ ದುಡ್ಡಿಗೆ ಸರಿಹೋಗುತ್ತದೆ. “ಎರಡಕ್ಕೊಂದು ಸುಡತಿದ್ರ ಆ ಅಂಗಡಿ ಇಷ್ಟೊತ್ತಿಗೆ ಬಾಗಿಲ ಹಾಕತಿತ್ತು” ಎಂದರು ಮಾಸ್ತರರು, ಚಹಾ ಊದುತ್ತ.

ಇದರ ಹಿಂದಿರುವ ಜಾಣತನ ಯಂತ್ರಗಳ ಸ್ವಭಾವದಲ್ಲೇ ಇದೆ. ತಯಾರಿಕೆಯಲ್ಲಿ ಉಳಿದ ದೋಷ ಮೊದಲ ಕೆಲವು ತಿಂಗಳಲ್ಲೇ ಮೇಲೆ ಬರುತ್ತದೆ, ಅದನ್ನು ಕಂಪನಿ ವಾರಂಟಿ ನೋಡಿಕೊಳ್ಳುತ್ತದೆ. ಬೇರಿಂಗ್ ಸವೆಯುವುದು, ಸೀಲ್ ಸೋರುವುದು, ಶಾಕ್ ಅಬ್ಸಾರ್ಬರ್ ಸಡಿಲಾಗಿ ಸ್ಪಿನ್ ಹೊತ್ತಿಗೆ ಮಷಿನ್ ಬಚ್ಚಲಿಂದ ಅಡುಗೆಮನೆಗೆ ಪ್ರಯಾಣ ಬೆಳೆಸುವುದು, ಇದೆಲ್ಲ ವಯಸ್ಸಾದ ಮೇಲೆ. ಎಕ್ಸ್‌ಟೆಂಡೆಡ್ ವಾರಂಟಿ ಕಾವಲು ಕಾಯುವುದು ಇವೆರಡರ ನಡುವಿನ ನೆಮ್ಮದಿಯ ವರ್ಷಗಳನ್ನು. ಮಾರುವವನಿಗೆ ಮಷಿನ್‌ನಲ್ಲಿ ಉಳಿಯುವ ಲಾಭ ತೆಳು, ಈ ಹಾಳೆಯಲ್ಲಿ ದಪ್ಪ. ಅವನು ಮಷಿನ್‌ಗಿಂತ ಹಾಳೆಯ ಬಗ್ಗೆ ಹೆಚ್ಚು ಹೊತ್ತು ಮಾತಾಡುವುದು ಸುಮ್ಮನೆ ಅಲ್ಲ.

ಹಾಳೆಯ ಮೇಲಿನ ಹೆಸರನ್ನೂ ನೋಡಬೇಕು. ಮಷಿನ್ ಮಾಡಿದ ಕಂಪನಿಯದೇ ಆದರೆ ಅದೇ ಭಾಗ, ಅದೇ ಕೆಲಸಗಾರ. ಮೂರನೆಯವರದಾದರೆ ಅದು ಹೆಚ್ಚುಕಡಿಮೆ ವಿಮೆಯ ನಂಟು. ಮಷಿನ್‌ನ ಬೆಲೆ ವರ್ಷವರ್ಷಕ್ಕೆ ಇಳಿಸಿ ಲೆಕ್ಕ ಹಿಡಿಯಬಹುದು, ರಿಪೇರಿ ಆಗದಿದ್ದರೆ ದುಡ್ಡಿನ ಬದಲು ಕೂಪನ್ ಕೊಡಬಹುದು. ಅದೆಲ್ಲ ಹಿಂದಿನ ಪುಟದಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುತ್ತದೆ.

ಇನ್ನು ಎಎಂಸಿ. ಇದು ಕಂಪನಿ ವಾರಂಟಿ ಮುಗಿಯುವ ಹೊತ್ತಿಗೆ ಫೋನಿನಲ್ಲಿ ಹುಟ್ಟುತ್ತದೆ. ಮುಗಿಯುವ ದಿನ ನಿಮಗೆ ನೆನಪಿಲ್ಲದಿದ್ದರೂ ಅವರಿಗೆ ನೆನಪಿರುತ್ತದೆ. ಇದರಲ್ಲಿ ಎರಡು ಜಾತಿ. ಕಾಂಪ್ರಿಹೆನ್ಸಿವ್ ಎಂದರೆ ಕೂಲಿಯ ಜೊತೆ ಭಾಗಗಳೂ ಸೇರಿದ್ದು. ನಾನ್-ಕಾಂಪ್ರಿಹೆನ್ಸಿವ್ ಎಂದರೆ ವರ್ಷಕ್ಕೆ ಒಂದೆರಡು ಸಲ ಬಂದು ಸ್ವಚ್ಛ ಮಾಡುವುದು, ಕರೆದಾಗ ಬರುವುದು, ಭಾಗ ಬೇಕಾದರೆ ದುಡ್ಡು ಕೊಡುವುದು. ಮಾಸ್ತರರ ಅಣ್ಣನ ಮನೆಯಲ್ಲಿ ಮೊದಲನೆಯದಕ್ಕೆ ವರ್ಷಕ್ಕೆ 3,000 ಕೇಳಿದ್ದರು, ಜಿಎಸ್‌ಟಿ 18 ಪ್ರತಿಶತ ಬೇರೆ. ಮೂರು ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ. ಅದೇ ಮೂರು ವರ್ಷಕ್ಕೆ ಮೊದಲೇ ಕೊಂಡ ವಾರಂಟಿ 3,800. ಇಷ್ಟು ಅಂತರ ಯಾಕೆ ಎಂದರೆ, ಎಎಂಸಿ ಕೊಳ್ಳುವವನಿಗೆ ತನ್ನ ಮಷಿನ್‌ನ ಆರೋಗ್ಯ ಗೊತ್ತಿರುತ್ತದೆ. ಗೊರಗೊರ ಸದ್ದು ಕೇಳಿದವನೇ ಫೋನ್ ಎತ್ತುವುದು. ಅದು ಕಂಪನಿಗೂ ಗೊತ್ತು. ಅದಕ್ಕೇ ದರ ಏರಿಸುತ್ತದೆ. ಸಾಮಾನ್ಯವಾಗಿ ಮೊದಲು ಬಂದು ತಪಾಸಣೆ ಮಾಡಿ, ಕೆಟ್ಟಿದ್ದರೆ ನಿಮ್ಮ ದುಡ್ಡಲ್ಲಿ ಸರಿಮಾಡಿಸಿದ ಮೇಲೇ ಒಪ್ಪಂದಕ್ಕೆ ಕೈಹಾಕುತ್ತದೆ.

ನಾನ್-ಕಾಂಪ್ರಿಹೆನ್ಸಿವ್‌ನ ಒಳಗುಟ್ಟು ಕೇಳಿ. ಕೆಲಸಗಾರ ಬರುತ್ತಾನೆ. ನಲ್ಲಿ ಬಂದ್ ಮಾಡಿ, ಹಿಂದಿನ ಪೈಪು ಬಿಚ್ಚಿ, ನೀರು ಒಳಹೋಗುವ ಬಾಯಿಯಲ್ಲಿರುವ ಚಿಕ್ಕ ಜಾಲರಿಯನ್ನು ಪಕ್ಕಡದಿಂದ ಎಳೆದು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾನೆ. ಬಾವಿ ನೀರಿನವರಿಗೆ ಮಳೆ ಶುರುವಾದಾಗ ಈ ಜಾಲರಿ ಕೆಂಪು ಕೆಸರಿನಿಂದ ಕಟ್ಟಿಕೊಳ್ಳುತ್ತದೆ, ಮಷಿನ್ ನೀರು ಸಿಗದೆ ಚಡಪಡಿಸುತ್ತದೆ. ಗಣಿ ಊರಿನ ಮಣ್ಣು ಅದು. ಆಮೇಲೆ ಮುಂದೆ ಕೆಳಗಿನ ಮುಚ್ಚಳ ತೆಗೆದು, ತಟ್ಟೆ ಇಟ್ಟು, ಡ್ರೈನ್ ಪಂಪಿನ ಫಿಲ್ಟರ್ ತಿರುಗಿಸುತ್ತಾನೆ. ಒಂದು ರೂಪಾಯಿ ನಾಣ್ಯ, ಸೇಫ್ಟಿ ಪಿನ್, ಶರ್ಟಿನ ಗುಂಡಿ ಹೊರಬೀಳುತ್ತವೆ. ಕೊನೆಗೆ ಡಿಸ್ಕೇಲಿಂಗ್ ಪುಡಿ ಹಾಕಿ ಖಾಲಿ ಮಷಿನ್ ಓಡಿಸುತ್ತಾನೆ. ಪುಡಿಯ ದುಡ್ಡು ಬೇರೆ. ಗಡಸು ನೀರಿನ ಸುಣ್ಣದ ಪದರ ಹೀಟರಿಗೆ ಅಂಟುವ ವಿಜಯಪುರದ ಬೋರ್‌ವೆಲ್ ಮನೆಗಳಲ್ಲಿ ಆ ಪುಡಿಗೆ ಅರ್ಥವಿದೆ. ಸಾಳಾವಲಿ ಅಣೆಕಟ್ಟಿನ ಮೆತ್ತನೆ ನೀರು ಬರುವ ಮನೆಗೆ ಅದರ ಅವಸರವಿಲ್ಲ. ಇಲ್ಲಿನ ರೋಗ ಬೇರೆ: ಮೆತ್ತನೆ ನೀರಿಗೆ ಊರಿನ ಅಳತೆಯಲ್ಲೇ ಸೋಪಿನ ಪುಡಿ ಸುರಿದು, ನೊರೆ ಉಳಿದು, ಬಾಗಿಲ ರಬ್ಬರಿನ ಮಡಿಕೆಯಲ್ಲಿ ಕರಿ ಬೂಷ್ಟು ಹಿಡಿಯುವುದು. ಆ ರಬ್ಬರು ಬಹಳಷ್ಟು ಒಪ್ಪಂದಗಳಲ್ಲಿ ಸೇರುವುದೇ ಇಲ್ಲ. ಮೇಲಿನ ಕೆಲಸವನ್ನೆಲ್ಲ ಮಾಸ್ತರರ ಹೆಂಡತಿ ಒಂದು ಸಲ ನಿಂತು ನೋಡಿ ಕಲಿತುಬಿಟ್ಟರು. ಕೆಲಸಗಾರನಿಗೂ ಅವರು ಚಹಾ ಕೊಟ್ಟಿದ್ದರು, ಅದನ್ನೇ ಗುರುದಕ್ಷಿಣೆ ಅನ್ನಬೇಕು.

ಹಾಗಾದರೆ ಎಎಂಸಿಯ ಲಾಭ ಯಾರಿಗೆ? ಸರ್ವಿಸ್ ಏಜೆನ್ಸಿಗೆ ಖಂಡಿತ, ಮಷಿನ್ ಕೆಡಲಿ ಬಿಡಲಿ ದುಡ್ಡು ಮುಂಗಡ. ಕೊಂಡವರಲ್ಲಿ ಲಾಭ ಕಂಡದ್ದು ಆರೇಳು ವರ್ಷ ಹಳೆಯ ಮಷಿನ್‌ನಲ್ಲಿ ಹತ್ತು ಜನರ ಬಟ್ಟೆ ಒಗೆಯುವ ಮಾಸ್ತರರ ಅಣ್ಣ. ಕಾಂಪ್ರಿಹೆನ್ಸಿವ್ ತೆಗೆದುಕೊಂಡ ವರ್ಷವೇ ಬೇರಿಂಗ್ ಹೋಯಿತು. ಅವರ ಮಷಿನ್‌ನಲ್ಲಿ ಟಬ್ ಅಂಟಿಸಿ ಮುಚ್ಚಿದ್ದು, ಬೇರಿಂಗಿಗೋಸ್ಕರ ಇಡೀ ಟಬ್ಬೇ ಬದಲಾಯಿತು. ಕಟ್ಟಿದ 3,540 ರೂಪಾಯಿಗೆ ಅದರ ಮೂರು ಪಟ್ಟು ಬೆಲೆಯ ಮಾಲು. ಅದೇ ದಾರಿ ಹಿಡಿಯಹೊರಟ ಪೇಟೆಯ ಖಾನಾವಳಿಯ ಅಕ್ಕನಿಗೆ ಮಾತ್ರ ಬಾಗಿಲು ಮುಚ್ಚಿತು. ಮೇಜುಬಟ್ಟೆ ಒಗೆದರೆ ಅದು ವ್ಯಾಪಾರದ ಬಳಕೆ, ಮನೆಬಳಕೆಯ ಮಷಿನ್‌ಗೆ ವಾರಂಟಿಯೂ ಇಲ್ಲ, ಎಎಂಸಿಯೂ ಇಲ್ಲ.

ಆದರೆ ಕುಡಚಡೆಯ ನಿಜವಾದ ಪ್ರಶ್ನೆ ಬೋರ್ಡು ಸುಡುತ್ತದೆಯೇ ಎಂಬುದಲ್ಲ, ಯಾಕೆ ಸುಟ್ಟಿತು ಎಂದು ಯಾರು ಬರೆಯುತ್ತಾರೆ ಎಂಬುದು. ಒಂದು ಮಳೆಗಾಲದಲ್ಲಿ ನಮ್ಮ ಓಣಿಯ ಇನ್ನೊಂದು ಮನೆಯ ಮಷಿನ್ ನಿಂತಿತು. ಕೆಲಸಗಾರ ಬೋರ್ಡು ಹೊರತೆಗೆದು ಬೆಳಕಿಗೆ ಹಿಡಿದ. ಕರೆಂಟು ಒಳಬರುವ ಮೂಲೆಯಲ್ಲಿ ಗುಂಡಗಿನ ಬಿಲ್ಲೆಯಂಥ ಒಂದು ಭಾಗ ಸೀಳಿ ಕಪ್ಪಾಗಿತ್ತು. ಅದರ ಹೆಸರು ವೇರಿಸ್ಟರ್. ವೋಲ್ಟೇಜು ವಿಪರೀತ ಏರಿದಾಗ ತಾನು ಸತ್ತು ಉಳಿದವರನ್ನು ಕಾಯುವುದು ಅದರ ಧರ್ಮ. ಪಾಪ, ಅದರ ಹೆಣವೇ ಮನೆಯವರ ವಿರುದ್ಧ ಸಾಕ್ಷಿಯಾಯಿತು: ವೋಲ್ಟೇಜ್ ಏರಿಳಿತ, ವಾರಂಟಿಗೆ ಹೊರಗು. ಸಿಡಿಲು, ತುಕ್ಕು, ಕೆಳಗಿನಿಂದ ನುಗ್ಗಿ ವೈರು ಕಡಿಯುವ ಇಲಿ, ಬೋರ್ಡಿನ ಬೆಚ್ಚಗಿಗೆ ಬಂದು ಮಲಗಿ ಎರಡು ತಂತಿಗೆ ಸೇತುವೆಯಾಗುವ ಹಲ್ಲಿ, ಎಲ್ಲವೂ ಸಾಮಾನ್ಯವಾಗಿ ಹೊರಗು, ಹಾಳೆ ಎಕ್ಸ್‌ಟೆಂಡೆಡ್ ಆಗಲಿ ಎಎಂಸಿ ಆಗಲಿ. ಈ ಊರಲ್ಲಿ ಮಷಿನ್ ಕೊಲ್ಲುವವರ ಪಟ್ಟಿಯೂ, ಹಿಂದಿನ ಪುಟದ ಹೊರಗಿಟ್ಟವರ ಪಟ್ಟಿಯೂ ಬಹುಪಾಲು ಒಂದೇ.

ಮಾಸ್ತರರು ಕೊನೆಗೆ ಹಾಳೆಗೆ ಸಹಿ ಹಾಕಲಿಲ್ಲ. ಆ ದುಡ್ಡಿನಲ್ಲಿ ಪ್ಲಗ್ಗಿನ ಅರ್ಥಿಂಗ್ ಸರಿಮಾಡಿಸಿದರು, ಒಂದು ಸ್ಟೆಬಿಲೈಸರ್ ತಂದರು, ಮಷಿನ್‌ನ ತಳಕ್ಕೆ ಗಾಳಿಯಾಡುವಂಥ ತಂತಿಬಲೆ ಹೊಡೆಸಿದರು. ಗುಡುಗಿದರೆ ಪ್ಲಗ್ ಕೀಳುವುದು ಮಗನ ಪಾಲಿನ ಕೆಲಸ. ನಾನಾದರೂ ಅದನ್ನೇ ಹೇಳುತ್ತಿದ್ದೆ. ಸಾಮಾನ್ಯವಾಗಿ ಬೋರ್ಡೇ ಇರದ ಸೆಮಿ-ಆಟೊಮ್ಯಾಟಿಕ್‌ಗಂತೂ ಎರಡೂ ಬೇಡ. ಫ್ರಂಟ್ ಲೋಡ್‌ಗೆ, ಕಂಪನಿಯದೇ ಹಾಳೆ, ಬೋರ್ಡಿನ ಬೆಲೆಯ ಕಾಲುಭಾಗದೊಳಗೆ ಸಿಕ್ಕರೆ ಯೋಚಿಸಬಹುದು. “ಇವತ್ತೇ” ಎಂಬ ಮಾತಿಗೆ ಹೆದರಬೇಡಿ, ಕಂಪನಿಯದನ್ನು ಎಷ್ಟೋ ಸಲ ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಳ್ಳಬಹುದು, ಕೇಳಿ ನೋಡಿ.

ಈಗಾಗಲೇ ಹಾಳೆ ಕೊಂಡವರಿಗೆ ಒಂದು ಮಾತು. ಮಷಿನ್ ತಿರುಗಿ ನೀರು ಹೊರಹೋಗುವುದನ್ನು ಕಣ್ಣಾರೆ ನೋಡುವ ತನಕ ಕೆಲಸಗಾರನಿಗೆ ಓಟಿಪಿ ಹೇಳಬೇಡಿ. ಹೇಳಿದರೆ ದೂರು ಮುಗಿದಂತೆ. “ವೋಲ್ಟೇಜ್” ಎಂದು ಬರೆದರೆ ಸುಟ್ಟ ಬೋರ್ಡಿನ ಫೋಟೋ ತೆಗೆದು, ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಮಡಗಾಂವಿನಲ್ಲಿದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ.