ಹಂಗಾಮು ಮುಗೀಲಿ, ನೋಡೂಣು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಕಬ್ಬು ಎಷ್ಟು ಬೆಳೆಯುತ್ತದೋ ಆಶ್ವಾಸನೆಯೂ ಅಷ್ಟೇ ಬೆಳೆಯುತ್ತದೆ. ಕಬ್ಬಿಗಾದರೆ ನೀರು ಬೇಕು, ಗೊಬ್ಬರ ಬೇಕು. ಆಶ್ವಾಸನೆಗೆ ಒಬ್ಬ ಮ್ಯಾನೇಜರ್ ಇದ್ದರೆ ಸಾಕು. ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಹುಟ್ಟಿತು. ಆಮೇಲೆ ಕೃಷ್ಣೆಯ ದಂಡೆಗೂ ದೂಧಗಂಗೆಯ ದಂಡೆಗೂ ಚಿಮಣಿಗಳು ಒಂದರ ಹಿಂದೊಂದು ಎದ್ದವು. ಈ ಚಿಮಣಿಗಳ ಕೆಳಗೆ ಕೆಲಸಗಾರನ ದೂರಿಗೆ ಒಂದು ವಿಶಿಷ್ಟ ಕಾಲಮಾನವೇ ಬೆಳೆದುಬಂದಿದೆ. ಅದು ಗಡಿಯಾರದ್ದಲ್ಲ, ಪಂಚಾಂಗದ್ದೂ ಅಲ್ಲ. ಅದು ಕಬ್ಬು ನುರಿಸುವ ಹಂಗಾಮಿನದು. ನವೆಂಬರಿನಲ್ಲಿ ದೂರು ಹೇಳಿದರೆ "ಈಗಷ್ಟ ಚಾಲೂ ಆಗೇತಿ". ಜನವರಿಯಲ್ಲಿ ಹೇಳಿದರೆ "ಹಂಗಾಮು ಮುಗೀಲಿ, ನೋಡೂಣು". ಏಪ್ರಿಲಿನಲ್ಲಿ ಹೇಳಿದರೆ "ಈಗ ಫ್ಯಾಕ್ಟರಿನ ಬಂದ್ ಐತಿ, ಏನ್ ನೋಡೂದ?"

ಒಂದು ಊಹೆಯ ಕಾರ್ಖಾನೆಯನ್ನು ಕಟ್ಟಿಕೊಳ್ಳೋಣ. ಹೆಸರು ಬೇಡ. ಓದುವ ಪ್ರತಿ ಮ್ಯಾನೇಜರ್ ಸಾಹೇಬರೂ ಅದು ಪಕ್ಕದ ತಾಲೂಕಿನದು ಎಂದುಕೊಳ್ಳಲು ಅನುಕೂಲವಾಗುತ್ತದೆ. ರಸ ಹಿಂಡಿದ ಮೇಲೆ ಉಳಿಯುವ ಬಗ್ಯಾಸನ್ನು ಬಾಯ್ಲರಿಗೆ ಒಯ್ಯುವ ಉದ್ದನೆಯ ಪಟ್ಟಾ ಅಲ್ಲಿದೆ. ಪಟ್ಟಾದ ಪಕ್ಕದಲ್ಲೇ ಒಂದು ಹಗ್ಗ ಓಡಿದೆ. ಯಾರದಾದರೂ ಅಂಗಿಯೋ ಕೈಯೋ ಸಿಕ್ಕಿಬಿದ್ದರೆ ಆ ಹಗ್ಗ ಜಗ್ಗಬೇಕು. ಜಗ್ಗಿದರೆ ಸ್ವಿಚ್ ಬಿದ್ದು ಮೋಟರಿನ ಕರೆಂಟ್ ಹೋಗಿ ಪಟ್ಟಾ ನಿಲ್ಲಬೇಕು. ರಾತ್ರಿ ಪಾಳಿ ಬಿಟ್ಟ ಒಬ್ಬ ಕಾರ್ಮಿಕ ಬೆಳಿಗ್ಗೆ ಸಾಹೇಬರ ಮುಂದೆ ನಿಂತು ಹೇಳುತ್ತಾನೆ: "ಸಾಹೇಬ್ರ, ಬಗ್ಯಾಸ್ ಪಟ್ಟಾದ ಹಗ್ಗ ಜಗ್ಗಿದ್ರೂ ಪಟ್ಟಾ ನಿಂದ್ರವಲ್ದರಿ. ರಾತ್ರಿ ಎರಡ ಸಲಾ ಜಗ್ಗಿ ನೋಡೇನಿ."

ಇಂಥ ಮಾತಿಗೆ ನಮ್ಮ ಸಾಹೇಬರ ಬಳಿ ಮೂರು ಉತ್ತರ ಸದಾ ಸಿದ್ಧವಿರುತ್ತವೆ. ಮೊದಲನೆಯದು "ಬರದ ಕೊಡ". ಎಂಟು ತಾಸು ಬಗ್ಯಾಸಿನ ಧೂಳು ಕುಡಿದು ಬಂದವನು ಕಾಗದ ಹುಡುಕಬೇಕು, ಪೆನ್ನು ಬೇಡಬೇಕು, 'ಮಾನ್ಯರೇ' ಎಂದು ಶುರುಮಾಡಬೇಕು. ಅಷ್ಟರಲ್ಲಿ ಅವನ ಬಸ್ಸು ಹೋಗಿರುತ್ತದೆ, ದೂರೂ ಹೋಗಿರುತ್ತದೆ. ಎರಡನೆಯದು "ನಿನಗ ಯಾರ ಹೇಳಿಕೊಟ್ರು?" ಪಟ್ಟಾ ಕೆಟ್ಟದ್ದನ್ನು ಹೇಳಲು ಯೂನಿಯನ್ ಲೀಡರನ ತರಬೇತಿ ಬೇಕು ಎಂಬುದು ಇದರ ಹಿಂದಿರುವ ತತ್ವ. ಮೂರನೆಯದು ಆಧುನಿಕ. ಸಾಹೇಬರು ಮೊಬೈಲ್ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಸಾಲು ಹಾಕುತ್ತಾರೆ, ಕೆಳಗಿನವರು ಹೆಬ್ಬೆರಳೆತ್ತಿದ ಚಿತ್ರ ಕಳಿಸುತ್ತಾರೆ, ದೂರು ಬಗೆಹರಿಯಿತು. ಹಗ್ಗ ಮಾತ್ರ ಆ ಗ್ರೂಪಿನಲ್ಲಿ ಇಲ್ಲದ ಕಾರಣ ಅದಕ್ಕೆ ವಿಷಯ ಗೊತ್ತಾಗುವುದಿಲ್ಲ.

'ಬರದ ಕೊಡ' ಎನ್ನುವುದು ಕಾನೂನಿನ ಮಾತು ಎಂದು ಸಾಹೇಬರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಅವರ ನಂಬಿಕೆಗೆ ಘಾಸಿ ಮಾಡಬೇಕಾಗಿ ಬಂದದ್ದಕ್ಕೆ ವಿಷಾದವಿದೆ. 1958ರಲ್ಲಿ ದೇಶದ ಮಾಲೀಕರ ಸಂಘಟನೆಗಳೂ ಕಾರ್ಮಿಕ ಸಂಘಟನೆಗಳೂ ಒಟ್ಟಿಗೆ ಕೂತು ಶಿಸ್ತು ಸಂಹಿತೆ ಒಪ್ಪಿಕೊಂಡವು. ಅದರ ಜೊತೆಗೆ ಬಂದ ಮಾದರಿ ಕುಂದುಕೊರತೆ ವಿಧಾನದ ಮೊದಲ ಮೆಟ್ಟಿಲೇ ಬಾಯಿಮಾತು. ಕೆಲಸಗಾರ ನೇಮಿತ ಅಧಿಕಾರಿಯ ಮುಂದೆ ಖುದ್ದಾಗಿ ನಿಂತು ಬಾಯಲ್ಲಿ ಹೇಳಬೇಕು; ಅಧಿಕಾರಿ 48 ತಾಸಿನೊಳಗೆ ಉತ್ತರ ಕೊಡಬೇಕು. ಉತ್ತರ ಸಮಾಧಾನ ತರದಿದ್ದರೆ ವಿಭಾಗದ ಮುಖ್ಯಸ್ಥರ ಬಳಿ ಹೋಗಬೇಕು, ಅವರಿಗೆ 3 ದಿನ. ಅದೂ ಸಾಲದಿದ್ದರೆ ಕುಂದುಕೊರತೆ ಸಮಿತಿ, ಅದಕ್ಕೆ 7 ದಿನ. ಇದು ಒಪ್ಪಂದವೇ ಹೊರತು ದಂಡ ಹಾಕುವ ಕಾನೂನಲ್ಲ ಎನ್ನುವುದು ನಿಜ. ನಮ್ಮಲ್ಲಿ ದಂಡವಿಲ್ಲದ ನಿಯಮವನ್ನು ಸುಭಾಷಿತ ಎಂದು ಕರೆದು ಗೋಡೆಗೆ ಹಚ್ಚುವುದು ರೂಢಿ. ಇದನ್ನು ಗೋಡೆಗೂ ಹಚ್ಚಲಿಲ್ಲ.

ಇನ್ನು ಕಾನೂನೇ ಬೇಕು ಎನ್ನುವವರು ತಮ್ಮ ತಾಲೂಕಿನ ಪೊಲೀಸ್ ಠಾಣೆಗೆ ಹೋಗಿ ನೋಡಲಿ. ಗಂಭೀರ ಅಪರಾಧದ ಸುದ್ದಿಯನ್ನು ಯಾರಾದರೂ ಬಾಯಲ್ಲಿ ಹೇಳಿದರೆ ಠಾಣಾಧಿಕಾರಿಯೇ ಬರೆದುಕೊಳ್ಳಬೇಕು ಅಥವಾ ಬರೆಸಬೇಕು, ಹೇಳಿದವನಿಗೆ ಓದಿ ಹೇಳಬೇಕು, ಸಹಿ ಪಡೆಯಬೇಕು, ಒಂದು ಪ್ರತಿಯನ್ನು ಪುಕ್ಕಟೆ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮಿನಲ್ಲಿ ಇದ್ದದ್ದು, 2024ರ ಜುಲೈಯಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಇದೆ. ಪೊಲೀಸರು ಇದನ್ನು ಎಷ್ಟು ಪಾಲಿಸುತ್ತಾರೆ ಎಂಬುದು ಬೇರೆ ಅಂಕಣದ ವಿಷಯ. ಹವಾಲ್ದಾರ ಮಾಡಬೇಕಾದ ಬರವಣಿಗೆ ಎಂ.ಬಿ.ಎ. ಮಾಡಿದವರ ಕೈಲಿ ಆಗುವುದಿಲ್ಲ ಎಂದರೆ ಕಾಲೇಜಿನ ಫೀ ವಾಪಸ್ ಕೇಳುವುದು ಒಳ್ಳೆಯದು.

ಹಾಗಾದರೆ ಆ ಬೆಳಿಗ್ಗೆ ಸಾಹೇಬರು ಏನು ಮಾಡಬೇಕಿತ್ತು? ಮಿಲ್ಲಿನ ಸದ್ದಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಅವನನ್ನು ಕ್ಯಾಬಿನ್ನಿಗೆ ಕರೆದು ಕೂರಿಸಬೇಕಿತ್ತು. ಪೂರ್ತಿ ಹೇಳಲು ಬಿಟ್ಟು ಆಮೇಲೆ ಕೇಳಬೇಕಿತ್ತು: ಎಲ್ಲಿ, ಯಾವಾಗಿನಿಂದ, ಇನ್ನಾರು ನೋಡಿದ್ದಾರೆ, ನಿನಗೆ ಏನು ಆಗಬೇಕು. ಕೊನೆಯ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಪಗಾರ ಹೆಚ್ಚು ಮಾಡು ಎಂದುಬಿಟ್ಟಾನು ಎಂಬ ಹೆದರಿಕೆ. ಅವನು ಕೇಳುವುದು ಬಹಳ ಸಲ ಒಂದು ಸ್ವಿಚ್ಚು.

ಆಮೇಲೆ ಅವನ ಎದುರಿಗೇ ಬರೆಯಬೇಕು. ಈಗ ಲಾಗ್ ಬುಕ್ಕಿನಲ್ಲಿ ಬರೆಯುವ ರೀತಿ ಹೀಗಿರುತ್ತದೆ: 'ಕನ್ವೇಯರ್ ಪ್ರಾಬ್ಲೆಮ್. ವರ್ಕರ್ ಅಡ್ವೈಸ್ಡ್.' ಕೆಟ್ಟದ್ದು ಪಟ್ಟಾ, ಬುದ್ಧಿವಾದ ಮಾತ್ರ ಕಾರ್ಮಿಕನಿಗೆ. ಬರೆಯಬೇಕಾದದ್ದು ಇಷ್ಟು: 'ಜನವರಿ 12, ಬೆಳಿಗ್ಗೆ. ಬಗ್ಯಾಸ್ ಪಟ್ಟಾದ ರಾತ್ರಿ ಪಾಳಿಯ ಕಾರ್ಮಿಕ ಖುದ್ದಾಗಿ ಬಂದು ಹೇಳಿದ್ದು: ಹಗ್ಗ ಜಗ್ಗಿದ್ರೂ ಪಟ್ಟಾ ನಿಂದ್ರವಲ್ದು, ರಾತ್ರಿ ಎರಡು ಸಲ ಜಗ್ಗಿ ನೋಡಿದ್ದಾನೆ, ಜೊತೆಯವನೊಬ್ಬ ನೋಡಿದ್ದಾನೆ. ಅವನ ಕೋರಿಕೆ: ಇವತ್ತಿನ ರಾತ್ರಿ ಪಾಳಿಯೊಳಗೆ ಸರಿಯಾಗಬೇಕು. ತಕ್ಷಣ ಮಾಡಿದ್ದು: ಪಟ್ಟಾ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕಳಿಸಿದೆ. ಉತ್ತರ ಕೊಡುವ ದಿನ: ಜನವರಿ 14ರ ಬೆಳಿಗ್ಗೆಯೊಳಗೆ.' ಕೆಳಗೆ ಇಬ್ಬರ ಹೆಸರು, ಇಬ್ಬರ ಸಹಿ. ಅವನ ಮಾತು ಅವನ ಬಾಯಿಯಲ್ಲಿ ಬಂದ ಹಾಗೇ ಇರಬೇಕು. ಮರಾಠಿಯಲ್ಲಿ ಹೇಳಿದರೆ ಮರಾಠಿಯಲ್ಲೇ ಓದಿ ಹೇಳಬೇಕು. ಗಡಿ ತಂಟೆಯನ್ನು ಬೆಳಗಾವಿಯ ಭಾಷಣಗಳಿಗೆ ಬಿಡಬಹುದು, ಪಟ್ಟಾಕ್ಕೆ ಎರಡೂ ಭಾಷೆ ಬರುವುದಿಲ್ಲ. 'ಈತ ಸದಾ ಕಿರಿಕಿರಿ ಮಾಡುವವ' ಎಂಬ ಷರಾ ಬರೆಯಬಾರದು. ನಾಳೆ ಅಪಘಾತವಾದರೆ ಆ ಷರಾ ಅವನ ಬಗ್ಗೆ ಏನೂ ಹೇಳುವುದಿಲ್ಲ, ಬರೆದವರ ಬಗ್ಗೆ ಎಲ್ಲವನ್ನೂ ಹೇಳುತ್ತದೆ.

ಈಗ ತನಿಖೆ. ಹಗ್ಗ ಕೆಲಸ ಮಾಡದಿರಲು ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಸ್ವಿಚ್ಚಿನೊಳಗೆ ಬಗ್ಯಾಸಿನ ಧೂಳು ತುಂಬಿ ಅದು ಸಿಕ್ಕಿಕೊಂಡಿರುತ್ತದೆ. ಇಲ್ಲವೇ ಹಗ್ಗ ಸಡಿಲಾಗಿ, ಜಗ್ಗಿದ ಜಗ್ಗು ಸ್ವಿಚ್ಚಿನ ತನಕ ಮುಟ್ಟುವುದೇ ಇಲ್ಲ. ಮೂರನೆಯದೇ ಸ್ವಾರಸ್ಯದ್ದು. ಸ್ವಿಚ್ ಸುಮ್ಮಸುಮ್ಮನೆ ಬಿದ್ದು ಮಿಲ್ ನಿಲ್ಲುತ್ತಿತ್ತು, ಮಿಲ್ ನಿಂತರೆ ಅವತ್ತಿನ ಟನ್ನಿನ ಲೆಕ್ಕ ಕೆಡುತ್ತಿತ್ತು, ಅದಕ್ಕೆ ಯಾರೋ ಜಾಣರು ಒಂದು ತಂತಿ ಹಾಕಿ ಸ್ವಿಚ್ಚನ್ನೇ ದಾಟಿಸಿಬಿಟ್ಟಿರುತ್ತಾರೆ. ಮೊದಲ ಎರಡನ್ನು ಹೊರಗಿನಿಂದಲೇ ನೋಡಿ ಹೇಳಬಹುದು. ಸ್ವಿಚ್ ಶುದ್ಧವಿದ್ದು, ಹಗ್ಗ ಬಿಗಿಯಿದ್ದು, ಜಗ್ಗಿದಾಗ ಟಕ್ ಎಂದು ಬಿದ್ದೂ ಪಟ್ಟಾ ಓಡುತ್ತಲೇ ಇದ್ದರೆ ಪ್ಯಾನೆಲ್ ತೆರೆದು ಆ ತಂತಿ ಹುಡುಕಬೇಕು. ತಂತಿ ಸಿಕ್ಕಿತು ಎಂದರೆ ದೂರಿನ ಬಣ್ಣವೇ ಬದಲಾಗುತ್ತದೆ, ಯಾಕೆಂದರೆ ಅದನ್ನು ಹಾಕಿಸಿದವರು ದೂರು ಕೇಳಿಸಿಕೊಂಡ ಸಾಹೇಬರೇ ಇರಬಹುದು. ಆಗ ವಿಚಾರಣೆ ಅವರ ಕೈಯಿಂದ ಮೇಲಿನವರಿಗೆ ಹೋಗಬೇಕು. ತನ್ನ ಮೇಲಿನ ದೂರನ್ನು ತಾನೇ ವಿಚಾರಿಸಿ ನಿರ್ದೋಷಿ ಎಂದು ಘೋಷಿಸಿಕೊಳ್ಳುವ ಪದ್ಧತಿ ರಾಜಕಾರಣಕ್ಕೆ ಮೀಸಲಿರಲಿ.

ಯೋಗ್ಯ ಸಮಯ ಎಂದರೆ ಎಷ್ಟು ಎಂಬುದು ದೂರಿನ ಜಾತಿಯ ಮೇಲಿದೆ. ಕೈ ಹೋಗುವ ದೂರಿಗೆ 48 ತಾಸೂ ಹೆಚ್ಚು. ಅದೇ ತಾಸಿನಲ್ಲಿ ಪಟ್ಟಾ ನಿಲ್ಲಿಸಿ ನೋಡಬೇಕು. ಜೀವಕ್ಕೆ ಅಪಾಯ ಕಂಡರೆ ಕಾರ್ಮಿಕ ಮಾಲೀಕರಿಗೂ ಅದೇ ವೇಳೆಗೆ ಇನ್‌ಸ್ಪೆಕ್ಟರಿಗೂ ತಿಳಿಸಬಹುದು, ಮಾಲೀಕರು ತಕ್ಷಣ ಪರಿಹಾರ ಮಾಡಬೇಕು ಎಂದು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೇ ಹೇಳುತ್ತದೆ. ಓವರ್‌ಟೈಮಿನ ಲೆಕ್ಕ ತಪ್ಪಿದ ದೂರಾದರೆ ಹಾಜರಿ ಪುಸ್ತಕ ನೋಡಿ ಎರಡು ದಿನದಲ್ಲಿ ಉತ್ತರ ಕೊಟ್ಟು ಮುಂದಿನ ಪಗಾರದಲ್ಲಿ ಸೇರಿಸಬಹುದು. ಸಮಿತಿಯ ಮುಂದೆ ಹೋದ ಅರ್ಜಿಗೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 30 ದಿನ ಇಟ್ಟಿದೆ. 20 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಆ ಸಮಿತಿ ಇರಲೇಬೇಕು. ಆ 30 ದಿನ ಕೊನೆಯ ಗಡಿ. ನಮ್ಮವರು ಅದನ್ನು ಮಲಗುವ ಅವಧಿ ಎಂದು ಓದಿಕೊಳ್ಳುತ್ತಾರೆ.

ಹೆಣ್ಣುಮಗಳೊಬ್ಬಳು ಬಂದು ಮುಕಾದಮನ ಕೈ ಸರಿಯಿಲ್ಲ ಎಂದರೆ ಮಾತ್ರ ದಾರಿ ಬೇರೆ. ಅಲ್ಲಿ ಸಾಹೇಬರು ಪಂಚರಾಗಿ ಕೂತು, ಇಬ್ಬರನ್ನೂ ಕರೆಸಿ, 'ಅಣ್ಣಾ ಅನ್ನವಾ' ಎಂದು ರಾಜಿ ಮಾಡಿಸುವಂತಿಲ್ಲ. 2013ರ ಕಾಯ್ದೆಯಂತೆ ಅದು ಆಂತರಿಕ ಸಮಿತಿಯ ಕೆಲಸ. ದೂರು ಲಿಖಿತವಾಗಿರಬೇಕು ಎನ್ನುವ ಅದೇ ಕಾಯ್ದೆಯ 9ನೇ ಕಲಮು, ಆಕೆಗೆ ಬರೆಯಲಾಗದಿದ್ದರೆ ಸಮಿತಿಯವರೇ ಬರೆಯಲು ನೆರವಾಗಬೇಕು ಎಂದೂ ಹೇಳುತ್ತದೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಸಾಹೇಬರ ಪಾಲಿನ ಕೆಲಸ ಎರಡೇ: ಆಕೆಯನ್ನು ಅವತ್ತೇ ಸಮಿತಿಗೆ ಮುಟ್ಟಿಸುವುದು, ಆಮೇಲೆ ಚಹಾದಂಗಡಿಯಲ್ಲಿ ಬಾಯಿ ಮುಚ್ಚಿಕೊಂಡಿರುವುದು. ಮೊದಲನೆಯದು ಸುಲಭ.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಒಗ್ಗೂಡಿ ಸಂಘ ಕಟ್ಟಿದ ಕಥೆಯನ್ನು ಛಾಯಾ ದಾತಾರ್ ಪುಸ್ತಕವಾಗಿಯೇ ಬರೆದಿದ್ದಾರೆ. ಒಬ್ಬೊಬ್ಬರಾಗಿ ಬಂದು ಹೇಳಿದಾಗ ಬರೆದುಕೊಳ್ಳದ ಮಾತು, ನೂರು ಜನ ಗೇಟಿನ ಮುಂದೆ ಕೂಗಿದಾಗ ಪತ್ರಿಕೆಯವರು ಬರೆದುಕೊಳ್ಳುತ್ತಾರೆ.

ಜನವರಿ 14ಕ್ಕೆ ಬರೋಣ. ಹೊಸ ಸ್ವಿಚ್ ಸಿಕ್ಕಿದ್ದರೆ ಹಾಕಿಸಿ, ದೂರು ಹೇಳಿದವನ ಕೈಯಿಂದಲೇ ಹಗ್ಗ ಜಗ್ಗಿಸಿ, ಪಟ್ಟಾ ನಿಂತದ್ದನ್ನು ಅವನಿಗೆ ತೋರಿಸಿ, ಅದೇ ಪುಟದಲ್ಲಿ ಅವನ ಸಹಿ ಪಡೆಯಬೇಕು. ಸ್ವಿಚ್ ಕೊಲ್ಹಾಪುರದಿಂದ ಬರಬೇಕಾಗಿದ್ದರೆ ಅದನ್ನೂ ಹೇಳಿ, ಬರುವ ತನಕ ಪ್ಯಾನೆಲ್ ಬಳಿ ಒಬ್ಬನನ್ನು ನಿಲ್ಲಿಸಿ, ಓಡುವ ಪಟ್ಟಾದಲ್ಲಿ ಸಿಕ್ಕ ಬಗ್ಯಾಸನ್ನು ಯಾರೂ ಬಿಡಿಸಕೂಡದೆಂದು ಆಜ್ಞೆ ಮಾಡಿ, ಹೊಸ ತಾರೀಕು ಬರೆಯಬೇಕು. ದೂರು ಹೇಳಿದ ತಪ್ಪಿಗೆ ಅವನನ್ನು ಕಾಕಂಬಿ ಟ್ಯಾಂಕ್ ತೊಳೆಯಲು ಹಚ್ಚಬಾರದು.

ಇಷ್ಟಕ್ಕೆ ಬೇಕಾದ ಬಂಡವಾಳ ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ನು, ಎರಡು ಕಿವಿ. ಮೊದಲೆರಡನ್ನು ಈ ಐದೂ ತಾಲೂಕಿನ ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು. ಮೂರನೆಯದನ್ನು ಸಾಹೇಬರು ಈಗಾಗಲೇ ಹೊಂದಿದ್ದಾರೆ. ಹಂಗಾಮು ಮುಗಿಯುವ ಮೊದಲೇ ಬಳಸಲು ಶುರುಮಾಡಲಿ.