ಕೃತಜ್ಞಮೂರ್ತಿಯ ಇಮೇಲ್

ಅಮೆರಿಕದಿಂದ ಪಿಎಚ್.ಡಿ. ಆಫರ್ ಬಂದ ಹುಡುಗ ಮಾರ್ಚ್ ತಿಂಗಳಲ್ಲಿ ಯಾರಾದರೊಬ್ಬರ ಮನೆಯಲ್ಲಿ ಇದ್ದೇ ಇರುತ್ತಾನೆ. ಈ ಸಲ ಜಯನಗರದಲ್ಲಿದ್ದಾನೆ. ಅವನನ್ನು ಕೃತಜ್ಞಮೂರ್ತಿ ಎನ್ನೋಣ.

ಪತ್ರದಲ್ಲಿ ಇದ್ದದ್ದಿಷ್ಟು: ಐದು ವರ್ಷ ನೆರವು, ಟ್ಯೂಷನ್ ಮನ್ನಾ, ಶೈಕ್ಷಣಿಕ ವರ್ಷಕ್ಕೆ 27,000 ಡಾಲರ್ ಸ್ಟೈಪೆಂಡ್, ಅದಕ್ಕೆ ಪ್ರತಿಯಾಗಿ ವಾರಕ್ಕೆ 20 ಗಂಟೆ ಟಿ.ಎ. ಕೆಲಸ. ಅಪ್ಪ ಅದನ್ನು ರೂಪಾಯಿಗೆ ತಿರುಗಿಸಿ ಇಡೀ ಬೀದಿಗೆ ಸಾರಿ ಬಂದಿದ್ದರು. ಮೂರ್ತಿಯ ನಿದ್ದೆ ಕೆಡಿಸಿದ್ದು 'ಶೈಕ್ಷಣಿಕ ವರ್ಷ' ಎಂಬ ಮಾತು. ಅಲ್ಲಿ ಅದೆಂದರೆ ಸಾಮಾನ್ಯವಾಗಿ ಒಂಬತ್ತೇ ತಿಂಗಳು. ತಿಂಗಳಿಗೆ 3,000 ಡಾಲರ್ ಎಂದು ಕುಣಿದವನು ಬೇಸಿಗೆಯನ್ನೂ ಸೇರಿಸಿ ಹಂಚಿದರೆ 2,250ಕ್ಕೆ ಇಳಿಯುತ್ತಾನೆ. ಎಫ್-1 ವೀಸಾದವನು ಬೇಸಿಗೆಯಲ್ಲಿ ಊರೊಳಗಿನ ಹೋಟೆಲಿಗೆ ಹೋಗಿ ತಟ್ಟೆ ತೊಳೆದು ಸಂಪಾದಿಸುವಂತೆಯೂ ಇಲ್ಲ.

"ಕೇಳಿಬಿಡಲಾ ಅಪ್ಪ?"

"ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದನಂತೆ! ಸುಮ್ಮನಿರೋ, ಕೊಟ್ಟಿದ್ದೂ ವಾಪಸ್ ತಗೊಂಡಾರು."

(ವಾರಕ್ಕೆ 20 ಗಂಟೆ ದುಡಿಸಿಕೊಂಡು ಕೊಡುವುದು ಧರ್ಮದ ದಟ್ಟಿಯಲ್ಲ, ಸಂಬಳ. ಮೊಳ ಹಾಕಿಯೇ ತೆಗೆದುಕೊಳ್ಳಬೇಕು. ವಿನಯವಾಗಿ ವಿವರ ಕೇಳಿದವನ ಆಫರನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.)

ಮೂರ್ತಿ ಕೊನೆಗೂ ಬರೆದ. ವಿಭಾಗಕ್ಕೆ ವಂದನೆ, ಆಯ್ಕೆ ಸಮಿತಿಗೆ ವಂದನೆ, ಸಮಿತಿಯ ದೂರದೃಷ್ಟಿಗೆ ಪ್ರತ್ಯೇಕ ವಂದನೆ. ಕಟ್ಟಕಡೆಗೆ, "ಬೇಸಿಗೆಯಲ್ಲೂ ತಮ್ಮ ಕೃಪೆ ಹೀಗೇ ಇರುವುದೆಂದು ನಂಬಿದ್ದೇನೆ." ಮರುದಿನವೇ ಉತ್ತರ ಬಂತು: "ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಬೇಸಿಗೆಯನ್ನು ಸುಖವಾಗಿ ಕಳೆಯಿರಿ!"

ಒಹಾಯೋದಲ್ಲಿ ಪಿಎಚ್.ಡಿ. ಮಾಡುತ್ತಿರುವ ಚಿಕ್ಕಮ್ಮನ ಮಗಳು ಮೂರ್ತಿ ಬರೆದದ್ದನ್ನು ಓದಿ ತಲೆ ಚಚ್ಚಿಕೊಂಡಳು. "ಪ್ರಶ್ನೆ ಎಲ್ಲೋ ಇದೆ ಇದರಲ್ಲಿ? ದುಡ್ಡು ಜಾಸ್ತಿ ಮಾಡಿ ಅಂತ ಶುರು ಮಾಡಬೇಡ. ಇರೋದು ಹೇಗೆ ಸಿಗುತ್ತೆ ಅಂತ ಕೇಳು." ಈ ಸಲ ಹೊಸ ಪತ್ರ ಗ್ರ್ಯಾಜುಯೇಟ್ ಡೈರೆಕ್ಟರಿಗೆ ಹೋಯಿತು. ಒಂದು ಸಾಲು ವಂದನೆ, ಆಮೇಲೆ ನೇರ ವಿಷಯ: ಈ ಮೊತ್ತ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ? ಈಗಿರುವ ವಿದ್ಯಾರ್ಥಿಗಳಿಗೆ ಬೇಸಿಗೆಯ ಹಣ ಯಾವ ದಾರಿಯಲ್ಲಿ ಬರುತ್ತದೆ? ಐದು ವರ್ಷ ಖಾತರಿಯೋ, ನಿಧಿ ಇದ್ದರೆ ಮಾತ್ರವೋ? 20 ಗಂಟೆಯೆಂದರೆ ಉತ್ತರಪತ್ರಿಕೆ ತಿದ್ದುವುದೋ, ತರಗತಿಯನ್ನೇ ನಡೆಸುವುದೋ, ಎಷ್ಟು ವಿದ್ಯಾರ್ಥಿಗಳು?

ಉತ್ತರವೂ ಅಷ್ಟೇ ನೇರವಾಗಿತ್ತು. ಹಣ ಒಂಬತ್ತು ತಿಂಗಳಿಗೆ. ಬೇಸಿಗೆಗೆ ಖಾತರಿಯಿಲ್ಲ, ಆದರೆ ಹೆಚ್ಚಿನವರಿಗೆ ಯಾವುದಾದರೂ ಸಂಶೋಧನಾ ಯೋಜನೆಯಲ್ಲಿ ಕೆಲಸ ಸಿಗುತ್ತದೆ. ಓದು ತೃಪ್ತಿಕರವಾಗಿದ್ದರೆ ಐದು ವರ್ಷ ಖಂಡಿತ. ಸ್ಟೈಪೆಂಡ್ ಎಲ್ಲರಿಗೂ ಒಂದೇ, ಏರಿಸಲಾಗದು. ಬೇಕಿದ್ದರೆ ಮೊದಲ ಸೆಮಿಸ್ಟರಿನಲ್ಲಿ ತರಗತಿ ಬಿಟ್ಟು ಬರೀ ಪತ್ರಿಕೆ ತಿದ್ದುವ ಕೆಲಸ ಕೊಡೋಣ.

ಈ ಕೊನೆಯದನ್ನು ಮೂರ್ತಿ ಕೇಳಿರಲೂ ಇಲ್ಲ. ಅಪ್ಪ ಅದನ್ನೂ ಬೀದಿಗೆ ಸಾರಿದರು.

ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಉತ್ತರಕ್ಕೆ ಒತ್ತಾಯಿಸುವುದಿಲ್ಲ ಎಂದು ಒಪ್ಪಿಕೊಂಡಿವೆ. ಮೂರ್ತಿ ಈಗ ಡೈರೆಕ್ಟರಿಗೆ ಧನ್ಯವಾದ ಬರೆಯುತ್ತಿದ್ದಾನೆ. ಎರಡನೇ ಪುಟದಲ್ಲಿದ್ದಾನೆ, ಅಷ್ಟರೊಳಗೆ ಮುಗಿಸಬಹುದು.